ಬೇವಿನ ಎಲಿ

ಇವತ್ತು ಮಗಳು ಮೊದಲ ಸಲ ಚಷ್ಮಾ ಹಾಕಿಕೊಂಡು ಶಾಲೆಗೆ ಹೋದಳು. ಒಂಬತ್ತನೇ ತರಗತಿ.

ಐದು ತಿಂಗಳು ಮುಚ್ಚಿಟ್ಟಿದ್ದಳು. ಎಲ್ಲರೂ 'ಸೋಡಾ ಬುಡ್ಡಿ' ಅಂತಾರೆ ಅನ್ನೋ ಭಯ. ಬೋರ್ಡ್ ಕಾಣದೆ ಗೆಳತಿಯ ನೋಟ್‌ಬುಕ್ ನೋಡಿ ಬರೆಯುತ್ತಿದ್ದಳಂತೆ. ಚಿಗರಿ ಬಸ್ಸಿನ ಬೋರ್ಡ್ ಓದಲು ಕಣ್ಣು ಕಿರಿದು ಮಾಡುತ್ತಿದ್ದಳು. ಹಾಗೆ ಮಾಡಿದರೆ ಅಕ್ಷರ ಸ್ವಲ್ಪ ಚೊಕ್ಕ ಕಾಣುತ್ತವೆ. ನಾನು ಬಿಸಿಲಿಗೆ ಅಂದುಕೊಂಡೆ. ಪುಸ್ತಕ ಸಲೀಸಾಗಿ ಓದುತ್ತಿದ್ದಳಲ್ಲ, ಅನುಮಾನವೇ ಬರಲಿಲ್ಲ.

ತಪಾಸಣೆಯಲ್ಲಿ ಎರಡೂ ಕಣ್ಣಿಗೆ ಮೈನಸ್ 2 ಬಂತು. ಅಂದರೆ ಅರ್ಧ ಮೀಟರ್ ದಾಟಿದ್ದೆಲ್ಲ ಮಸುಕು. ಬಾಗಿಲಲ್ಲಿ ನಿಂತ ನನ್ನ ಮುಖವೂ, ಅಲ್ವಾ? ನೆನೆದರೆ ಕರುಳು ಚುರ್ ಅನ್ನುತ್ತದೆ.

ಸಂಜೆ ಬಂದವಳೇ ಕೈ ಹಿಡಿದು ಅಂಗಳಕ್ಕೆ ಎಳೆದಳು.

"ಅವ್ವಾ, ಬೇವಿನ ಗಿಡದಾಗ ಒಂದೊಂದು ಎಲಿನೂ ಬ್ಯಾರೆ ಬ್ಯಾರೆ ಕಾಣಾಕತ್ತಾವ!"

ಕತ್ತಲಾಗುವ ತನಕ ಅಲ್ಲೇ ನಿಂತಿದ್ದೆವು.