240 ಟನ್ ಕಾಫಿಗೆ 24 ಲಾಟ್ ಅಲ್ಲ, 15 ಲಾಟ್ ಯಾಕೆ

ನಾನು ಕಾಫಿ ಎಕ್ಸ್‌ಪೋರ್ಟ್ ಕಂಪನೀಲಿ ರಿಸ್ಕ್ ನೋಡ್ಕೊಳ್ತೀನಿ. ಚಿಕ್ಕಮಗಳೂರು, ಕೊಡಗಿನ ಬೆಳೆಗಾರರಿಂದ ರೋಬಸ್ಟಾ ಚೆರ್ರಿ ತಗೊಂಡು ಕ್ಯೂರಿಂಗ್ ಮಾಡಿಸಿ ಹೊರಗಡೆ ಮಾರೋದು ನಮ್ಮ ವ್ಯಾಪಾರ. ಮಾಲು ಗೋಡೌನಲ್ಲಿ ಇರೋವಷ್ಟು ದಿನ ರೇಟ್ ಬಿದ್ರೆ ನಷ್ಟ ನಮ್ದೇ, ಅದಕ್ಕೇ ಲಂಡನ್ನಿನ ಐಸಿಇ ಎಕ್ಸ್‌ಚೇಂಜಲ್ಲಿ ರೋಬಸ್ಟಾ ಫ್ಯೂಚರ್ಸ್ ಮಾರಿ ಇಟ್ಕೊಳ್ತೀವಿ, ಇದೇ ಹೆಡ್ಜ್. ಒಂದು ಲಾಟ್ ಅಂದ್ರೆ 10 ಟನ್. ಡೆಸ್ಕಿಗೆ ಹೊಸದಾಗಿ ಬಂದವ್ರೆಲ್ಲ ಕೇಳೋ ಪ್ರಶ್ನೆ ಒಂದೇ, ಸ್ಟಾಕ್ 240 ಟನ್ ಇದ್ರೆ 24 ಲಾಟ್ ಮಾರ್ಬೇಕಲ್ವಾ ಸರ್, 15 ಯಾಕೆ?

ಯಾಕಂದ್ರೆ ನಮ್ಮ ಗೋಡೌನಲ್ಲಿರೋ ಕಾಫಿ ಬೇರೆ, ಲಂಡನ್ ಸ್ಕ್ರೀನಲ್ಲಿರೋ ಕಾಫಿ ಬೇರೆ. ಎರಡರ ರೇಟೂ ಒಟ್ಟಿಗೇ ಓಡಾಡುತ್ತೆ, ಆದ್ರೆ ಅಷ್ಟಷ್ಟೇ ಅಲ್ಲ, ಯಾವಾಗ್ಲೂ ಅಲ್ಲ. ಲೆಕ್ಕ ಸುಲಭ ಆಗ್ಲಿ ಅಂತ ದುಂಡಗಿನ ನಂಬರ್ ಹಿಡ್ಕೊಳ್ಳೋಣ. ನಮ್ಮ ರೇಟಿನ ವಾರದ ಏರಿಳಿತದ ಸ್ಟ್ಯಾಂಡರ್ಡ್ ಡೀವಿಯೇಷನ್ ಟನ್ನಿಗೆ 120 ಡಾಲರ್, ಫ್ಯೂಚರ್ಸಿಂದು 150, ಎರಡರ ನಡುವಿನ ಕೋರಿಲೇಷನ್ 0.8. ಕೆಳಗೆ ಇವೇ ಕ್ರಮವಾಗಿ σS, σF, ρ; h ಅಂದ್ರೆ ಒಂದು ಟನ್ ಕಾಫಿಗೆ ಎಷ್ಟು ಟನ್ ಫ್ಯೂಚರ್ಸ್ ಮಾರ್ಬೇಕು ಅನ್ನೋ ರೇಷಿಯೋ.

```
h = ρ × σS / σF = 0.8 × 120 / 150 = 0.64
ಲಾಟ್ = 0.64 × 240 / 10 = 15.36
```

ಈಗ ಹೋಲಿಸಿ ನೋಡಿ. ಹೆಡ್ಜ್ ಮಾಡದೇ ಬಿಟ್ರೆ ವಾರದ ಅಲುಗಾಟ ಟನ್ನಿಗೆ 120 ಡಾಲರ್. 24 ಲಾಟ್ ಪೂರ್ತಿ ಮಾರಿದ್ರೆ 90ಕ್ಕೆ ಇಳಿಯುತ್ತೆ, 0.64ರ ಲೆಕ್ಕದಲ್ಲಿ ಮಾರಿದ್ರೆ 72. ಅಂದ್ರೆ ಪೂರ್ತಿ ಹೆಡ್ಜ್ ಮಾಡಿದವ್ನು ಸೇಫ್ ಆಗಿದೀನಿ ಅಂದ್ಕೊಂಡು ಇನ್ನೂ ಜಾಸ್ತಿ ರಿಸ್ಕ್ ಇಟ್ಕೊಂಡಿರ್ತಾನೆ, ಯಾಕಂದ್ರೆ ಮೇಲಿನ 9 ಲಾಟ್ ಕಾಫಿನ ಕಾಯ್ತಿಲ್ಲ, ಅದು ಲಂಡನ್ ರೇಟ್ ಮೇಲೆ ಹಾಕಿದ ಬೆಟ್ ಅಷ್ಟೇ, ಜೊತೆಗೆ ಅದಕ್ಕೂ ಮಾರ್ಜಿನ್ ದುಡ್ಡು ಕಟ್ಟಿರ್ಬೇಕು.

15.36ನ 15 ಮಾಡ್ಲಾ 16 ಮಾಡ್ಲಾ ಅಂತ ತಲೆ ಕೆಡಿಸ್ಕೋಬೇಡಿ. h 0.7 ಇಟ್ರೂ ಉಳಿಯೋ ಅಲುಗಾಟ 72.6, 0.55 ಇಟ್ರೂ 73ರ ಆಸುಪಾಸು. ತಳದಲ್ಲಿ ಈ ಗ್ರಾಫ್ ತುಂಬ ಚಪ್ಪಟೆ.

ತಲೆ ಕೆಡಿಸ್ಕೋಬೇಕಾಗಿರೋದು ಆ 0.8 ಎಲ್ಲಿಂದ ಬಂತು ಅನ್ನೋದಕ್ಕೆ. ಎಷ್ಟೋ ಜನ ಎರಡು ರೇಟಿನ ಕಾಲಂ ಹಾಕಿ ನೇರ ಕೋರಿಲೇಷನ್ ತೆಗೀತಾರೆ, 0.97 ಬರುತ್ತೆ, ಖುಷಿ ಪಡ್ತಾರೆ. 2 ವರ್ಷ ಎರಡೂ ಮೇಲೇರಿದ್ರೆ ಹಾಗೆ ಬಂದೇ ಬರುತ್ತೆ, ಅದು ಹೆಡ್ಜಿಗೆ ಉಪಯೋಗ ಇಲ್ಲ. ಬೇಕಾಗಿರೋದು ರೇಟ್ ಅಲ್ಲ, ರೇಟಿನ ಬದಲಾವಣೆ, ಈ ವಾರ ಮೈನಸ್ ಹೋದ ವಾರ.

ದಿನದ ಡೇಟಾ ಹಾಕಿದ್ರೆ ಉಲ್ಟಾ ತೊಂದ್ರೆ, ಕೋರಿಲೇಷನ್ ಸುಳ್ಳೇ ಕಮ್ಮಿ ಬರುತ್ತೆ. ಲಂಡನ್ ಮುಚ್ಚೋದು ನಮ್ಮ ಟೈಮಲ್ಲಿ ರಾತ್ರಿ 10 ಅಥವಾ 11ಕ್ಕೆ, ಊರಲ್ಲಿ ಬೆಳಿಗ್ಗೆ ಹೇಳೋ ರೇಟ್ ಹಿಂದಿನ ರಾತ್ರಿ ಕ್ಲೋಸಿಂಗ್ ನೋಡ್ಕೊಂಡು ಹೇಳೋದು. ಒಂದೇ ತಾರೀಕಿನ ಎರಡು ರೇಟ್ ಅಕ್ಕಪಕ್ಕ ಇಟ್ರೆ ನಿನ್ನೆ ಕಾರಣಕ್ಕೆ ಬದಲಾದ ರೇಟನ್ನ ಇವತ್ತಿನ ಲಂಡನ್ ಜೊತೆ ಜೋಡಿಸಿದ ಹಾಗೆ. ಅದಕ್ಕೇ ನಾವು ವಾರದ ಲೆಕ್ಕ ಹಿಡೀತೀವಿ, ಶುಕ್ರವಾರ ರಾತ್ರಿ ಲಂಡನ್ ಕ್ಲೋಸಿಗೆ ಶನಿವಾರ ಬೆಳಿಗ್ಗೆಯ ನಮ್ಮ ರೇಟ್. ಲೋಕಲ್ ರೇಟ್ 50 ಕೆಜಿ ಚೆರ್ರಿ ಚೀಲದ್ದು, ಮೊದ್ಲು ಔಟ್‌ಟರ್ನ್, ಅಂದ್ರೆ ಚೆರ್ರಿಯಿಂದ ಎಷ್ಟು ಕ್ಲೀನ್ ಕಾಫಿ ಸಿಗುತ್ತೆ ಅನ್ನೋದರ ಪ್ರಕಾರ ಕ್ಲೀನ್ ಕಾಫಿಗೆ ತಂದು, ಆಮೇಲೆ ಟನ್ನಿಗೆ ಡಾಲರ್ ಮಾಡ್ಕೊಳ್ಳಿ. ರೂಪಾಯಿ ರಿಸ್ಕ್ ಬೇರೆ, ಅದನ್ನ ಬ್ಯಾಂಕ್ ಫಾರ್ವರ್ಡಲ್ಲಿ ನೋಡ್ಕೊಳ್ಳೋದು. ಇಷ್ಟಾದ್ಮೇಲೆ ಎಕ್ಸೆಲ್ಲಲ್ಲಿ ಒಂದು ಸಾಲು ಸಾಕು, B ಕಾಲಮಲ್ಲಿ ನಮ್ಮ ಬದಲಾವಣೆ, C ಕಾಲಮಲ್ಲಿ ಲಂಡನ್ ಬದಲಾವಣೆ:

```
=SLOPE(B2:B105, C2:C105)
```

ಬರೋದು ನೇರ h. ಲಂಡನ್ ಕಡೆ ಒಂದು ತಿಂಗಳಿನ ಕಾಂಟ್ರಾಕ್ಟ್ ಮುಗಿದು ಇನ್ನೊಂದಕ್ಕೆ ರೋಲ್ ಆದ ವಾರದ ಜಿಗಿತ ಮಾತ್ರ ತೆಗೆದಿರಿ, ಅದು ರೇಟ್ ಬದಲಾವಣೆ ಅಲ್ಲ.

ಪರ್ಸೆಂಟೇಜ್ ಲೆಕ್ಕದಲ್ಲಿ ಮಾಡೋರಿಗೆ ಒಂದು ಮಾತು. ನಮ್ಮ ರೇಟ್ 4,800, ಫ್ಯೂಚರ್ಸ್ 4,000 ಅಂದ್ಕೊಳ್ಳಿ, ಆಗ 120 ಅಂದ್ರೆ 2.5%, 150 ಅಂದ್ರೆ 3.75%, ರೇಷಿಯೋ 0.533 ಬರುತ್ತೆ. ಅದನ್ನ 4,800/4,000 ಅಂದ್ರೆ 1.2ರಿಂದ ಗುಣಿಸಿದ್ರೆ ಮಾತ್ರ 0.64. ಇದು ಬಿಟ್ಟೋದ್ರೆ 13 ಲಾಟಿಗೆ ನಿಂತುಬಿಡ್ತೀರಿ.

ಮ್ಯಾನೇಜ್‌ಮೆಂಟಿಗೆ ರಿಪೋರ್ಟ್ ಕೊಡುವಾಗ 0.8ರ ವರ್ಗ 0.64, ಅಂದ್ರೆ 64% ರಿಸ್ಕ್ ಹೋಯ್ತು ಅಂತ ಬರೀತಾರೆ, ಅದು ವೇರಿಯನ್ಸಿನ ಲೆಕ್ಕ, ಡಾಲರಲ್ಲಿ ಕಮ್ಮಿ ಆಗಿದ್ದು 120ರಿಂದ 72, 40% ಅಷ್ಟೇ. ನಾನು ಯಾವಾಗ್ಲೂ ಡಾಲರಲ್ಲೇ ಹೇಳ್ತೀನಿ. 240 ಟನ್ನಿಗೆ ವಾರಕ್ಕೆ 17,280 ಡಾಲರ್ ಅಲುಗಾಟ ಇನ್ನೂ ಉಳಿದಿದೆ ಅಂತ ಅವ್ರಿಗೆ ಗೊತ್ತಿರ್ಬೇಕು. ಆ ಉಳಿದಿದ್ದನ್ನ ಎಷ್ಟು ಲಾಟ್ ಮಾರಿದ್ರೂ ತೆಗೆಯೋಕಾಗಲ್ಲ. ಒಣಗಿಸೋ ಟೈಮಲ್ಲಿ ಕೊಡಗಲ್ಲಿ ಮಳೆ ಬಿದ್ದು ಕಣದಲ್ಲಿರೋ ಚೆರ್ರಿ ಹಾಳಾದ್ರೆ ಲಂಡನ್ನಿಗೆ ಅದರ ಸುದ್ದೀನೇ ಇರಲ್ಲ, ಅದನ್ನ ಕಮ್ಮಿ ಮಾಡೋಕೆ ಇರೋ ದಾರಿ ಬೈಯರ್ ಜೊತೆ ಡಿಫರೆನ್ಷಿಯಲ್, ಅಂದ್ರೆ ಲಂಡನ್ ರೇಟಿಗೂ ನಮ್ಮ ರೇಟಿಗೂ ಇರೋ ವ್ಯತ್ಯಾಸ, ಬೇಗ ಫಿಕ್ಸ್ ಮಾಡ್ಕೊಂಡು ಮಾಲು ಕಳಿಸೋದು.