ಅಡಿಕೆ ತೋಟದ ಲೆಕ್ಕದ ಹಾಳೆ: ಐದು ವರ್ಷದ ಖರ್ಚು ಕೊನೆಗೂ ಕ್ವಿಂಟಲ್ ಮೇಲೆ ಕುಳಿತಿತು

ಮೂರು ವಾರದಿಂದ ಸತಾಯಿಸುತ್ತಿದ್ದ ಲೆಕ್ಕ ನಿನ್ನೆ ರಾತ್ರಿ ಹನ್ನೊಂದು ಗಂಟೆಗೆ ಸರಿಹೋಯಿತು. ಕಳೆ, ಗೊಬ್ಬರ, ಕೊಳೆ ಔಷಧ, ಗೊನೆ ಕೊಯ್ಲು, ಸುಲಿತ ಇವೆಲ್ಲ ವರ್ಷದ ಖರ್ಚಿನ ಕಾಲಂನಲ್ಲಿ ಯಾವಾಗಲೋ ಕೂತಿದ್ದವು. ಅಡ್ಡಗಾಲು ಹಾಕಿದ್ದು ಒಂದೇ ಪ್ರಶ್ನೆ: ಮೊದಲ ಗೊನೆ ಇಳಿಯುವ ಮುನ್ನ ಐದು ವರ್ಷ ಸುರಿದ ಹಣವನ್ನು ಮುಂದಿನ ಯಾವ ವರ್ಷದ ತಲೆಗೆ ಎಷ್ಟು ಕಟ್ಟಬೇಕು?

ಲೆಕ್ಕ ಒಂದು ಎಕರೆಯದು. ಒಂಬತ್ತು ಅಡಿ ಅಂತರದಲ್ಲಿ ಸುಮಾರು 540 ಗಿಡ. ಅಗೆತ, ಬಸಿಗಾಲುವೆ, ಗುಂಡಿ, ಸಸಿ, ಹನಿ ನೀರಾವರಿ ಸೇರಿ ಮೊದಲ ವರ್ಷ 2,00,000 ರೂಪಾಯಿ. ಮುಂದಿನ ನಾಲ್ಕು ವರ್ಷದ ಆರೈಕೆಯಲ್ಲಿ ನೆರಳಿಗೆಂದು ಹಾಕಿದ ಬಾಳೆಯ ಆದಾಯ ಕಳೆದರೆ ಉಳಿದದ್ದು 35,000, 40,000, 50,000 ಮತ್ತು 60,000. ಮನೆಯವರು ದುಡಿದ ದಿನಗಳಿಗೂ ಆಳಿನ ಕೂಲಿ ಹಿಡಿದಿದ್ದೇನೆ. ಅದನ್ನು ಬಿಟ್ಟ ಲೆಕ್ಕವನ್ನು ನಾನು ಲೆಕ್ಕವೆಂದು ಒಪ್ಪುವುದಿಲ್ಲ. ಜಮೀನಿನ ಬೆಲೆಯನ್ನು ಸೇರಿಸಿಲ್ಲ, ಏಕೆಂದರೆ ಮರದಂತೆ ನೆಲ ಸವೆದುಹೋಗುವುದಿಲ್ಲ.

ಒಟ್ಟು 3,85,000. ಇದನ್ನು ಮೂವತ್ತು ಫಸಲಿನ ವರ್ಷಗಳಿಗೆ ಹಂಚಿದರೆ ವರ್ಷಕ್ಕೆ 12,833. ಊರಿನಲ್ಲಿ ಬಹಳ ಮಂದಿ ಇಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಆದರೆ ಮೊದಲ ವರ್ಷದ ಎರಡು ಲಕ್ಷ ಬೇರೆಲ್ಲಾದರೂ ಇದ್ದಿದ್ದರೆ ಇಷ್ಟು ಹೊತ್ತಿಗೆ ಮರಿ ಹಾಕುತ್ತಿತ್ತು. ಶೇಕಡ 8ರ ಬಡ್ಡಿಯಲ್ಲಿ ಪ್ರತಿ ವರ್ಷದ ಖರ್ಚನ್ನೂ ಐದನೇ ವರ್ಷದ ಕೊನೆಗೆ ತಂದಾಗ ಮೊತ್ತ 4,76,800 ಆಯಿತು. ಅದನ್ನು ಅದೇ ಬಡ್ಡಿಯಲ್ಲಿ ಮೂವತ್ತು ಸಮಾನ ಕಂತಾಗಿ ತೀರಿಸಬೇಕೆಂದರೆ ವರ್ಷಕ್ಕೆ 42,360. ಹನ್ನೆರಡು ಸಾವಿರ ಎಲ್ಲಿ, ನಲವತ್ತೆರಡು ಸಾವಿರ ಎಲ್ಲಿ!

ಸಮಾನ ಕಂತು ಸರಿಯೆಂದುಕೊಂಡು ಎರಡು ದಿನ ನೆಮ್ಮದಿಯಿಂದಿದ್ದೆ. ಆಮೇಲೆ ಏಳನೇ ವರ್ಷದ ಸಾಲು ಕಣ್ಣಿಗೆ ಬಿತ್ತು. ಆ ವರ್ಷ ಎರಡು ಕ್ವಿಂಟಲ್ ಒಣ ಅಡಿಕೆ. ಕ್ವಿಂಟಲ್‌ಗೆ 40,000 ಎಂದು ಬಿಗಿಯಾಗಿಯೇ ಹಿಡಿದರೆ 80,000 ಆದಾಯ, ವರ್ಷದ ಖರ್ಚು 70,000. ಕೈಯಲ್ಲಿ ಉಳಿದ ಹತ್ತು ಸಾವಿರದಿಂದ 42,360ರ ಕಂತು ಕಳೆದರೆ 32,360 ನಷ್ಟ. ಹತ್ತನೇ ವರ್ಷದಿಂದ ಎಂಟು ಕ್ವಿಂಟಲ್ ಬರತೊಡಗಿದಾಗ ಅದೇ ಕಂತು ಹಗುರ. ಮರ ಎಳೆಯದಾಗಿದ್ದಾಗ ಕ್ವಿಂಟಲ್ ಒಂದಕ್ಕೆ 21,000ದ ಹೊರೆ, ಬಲಿತಾಗ 5,300. ಅಡಿಕೆಯೂ ಅದೇ, ಗುಂಡಿಯೂ ಅದೇ, ಹೊರೆ ಮಾತ್ರ ನಾಲ್ಕು ಪಟ್ಟು. ಹೀಗೆ ಬರೆದ ಹಾಳೆಯನ್ನು ನೋಡಿದವನು ಏಳನೇ ವರ್ಷ ತೋಟ ಮಾರಲು ಹೊರಟಾನು.

ಗಂಟು ಬಿಚ್ಚಿದ್ದು ಮೂಡಿಗೆರೆಯ ಭಾವನ ಜೊತೆ ಫೋನಿನಲ್ಲಿ ಮಾತಾಡುವಾಗ. ಅವರದು ಕಾಫಿ ತೋಟ. "ನೀವು ಖರ್ಚನ್ನು ವರ್ಷಕ್ಕೆ ಯಾಕೆ ಕಟ್ಟುತ್ತೀರಿ? ಗಿಡ ನೆಟ್ಟಿದ್ದು ವರ್ಷ ಎಣಿಸುವುದಕ್ಕಲ್ಲ, ಫಸಲಿಗೆ" ಎಂದರು. ಫೋನ್ ಇಟ್ಟವನೇ ಹಾಳೆ ತೆರೆದೆ.

ಆದರೆ ಮೂವತ್ತು ವರ್ಷದ ಕ್ವಿಂಟಲ್‌ಗಳನ್ನು ಸುಮ್ಮನೆ ಕೂಡಿ ಭಾಗಿಸಿದರೆ ಮತ್ತೆ ಹಳೆಯ ತಪ್ಪೇ. ಮೂವತ್ತೈದನೇ ವರ್ಷದ ಒಂದು ಕ್ವಿಂಟಲ್, ಆರನೇ ವರ್ಷದ ಒಂದು ಕ್ವಿಂಟಲ್‌ನಷ್ಟು ಬೇಗ ಸಾಲ ತೀರಿಸುವುದಿಲ್ಲ. ಹಣಕ್ಕೆ ಬಡ್ಡಿ ಕಟ್ಟಿದಂತೆ ಫಸಲಿಗೂ ಅದೇ ಬಡ್ಡಿಯಲ್ಲಿ ವಟ್ಟ ಹಿಡಿಯಬೇಕು, ಅಂದರೆ ತಡವಾಗಿ ಬರುವ ಕ್ವಿಂಟಲ್ ಅನ್ನು ಅಷ್ಟು ಕಡಿಮೆಯೆಂದು ಎಣಿಸಬೇಕು. ಆರರಿಂದ ಒಂಬತ್ತನೇ ವರ್ಷದವರೆಗೆ 1, 2, 4, 6 ಕ್ವಿಂಟಲ್, ಅಲ್ಲಿಂದ ಮೂವತ್ತೈದರವರೆಗೆ ಎಂಟು. ಕೂಡಿದರೆ 221 ಕ್ವಿಂಟಲ್. ವಟ್ಟ ಕಳೆದರೆ ಬರೀ 73.8! ಹಾಗಾಗಿ 4,76,800 ಅನ್ನು 73.8ರಿಂದ ಭಾಗಿಸಿ, ಕ್ವಿಂಟಲ್‌ಗೆ 6,460 ರೂಪಾಯಿ. ಪ್ರತಿ ವರ್ಷ ಬಂದ ಕ್ವಿಂಟಲ್‌ಗೆ ಇಷ್ಟೇ ಹೊರೆ ಹೊರಿಸಿದರೆ ಮೂವತ್ತೈದನೇ ವರ್ಷಕ್ಕೆ ಬಂಡವಾಳ ಮತ್ತು ಬಡ್ಡಿ ಎರಡೂ ಪೂರ್ತಿ ತೀರುತ್ತವೆ.

ಇಷ್ಟಾದರೂ ಸಂಖ್ಯೆ ದೊಡ್ಡದೆನಿಸುತ್ತಿತ್ತು. ಮುಂದಿನ ಮೂವತ್ತು ವರ್ಷದ ಅಡಿಕೆಯನ್ನು ಇಂದಿನ ಬೆಲೆಗೇ ಹಿಡಿದಿದ್ದೇನೆ, ಬಡ್ಡಿಯನ್ನು ಮಾತ್ರ ಬ್ಯಾಂಕಿನ ದರದಲ್ಲಿ. ಆ ದರದೊಳಗೆ ಬೆಲೆ ಏರಿಕೆಯೂ ಸೇರಿದೆ. ಬೆಲೆ ಇಂದಿನದಾದರೆ ಬಡ್ಡಿಯಿಂದಲೂ ಬೆಲೆ ಏರಿಕೆಯನ್ನು ತೆಗೆಯಬೇಕು. ಶೇಕಡ 5 ಇಟ್ಟು ಮತ್ತೆ ಲೆಕ್ಕ ಹಾಕಿದೆ: ಖರ್ಚು 4,40,200, ಫಸಲು 105.8 ಕ್ವಿಂಟಲ್, ಹೊರೆ ಕ್ವಿಂಟಲ್‌ಗೆ 4,160. ಏಳನೇ ವರ್ಷದ ಹತ್ತು ಸಾವಿರದಲ್ಲಿ 8,320 ಕಳೆದು 1,680 ಲಾಭ ಉಳಿಯಿತು. ಆರನೇ ವರ್ಷ ಒಂದೇ ಕ್ವಿಂಟಲ್ ಬರುವುದರಿಂದ ಹೊರೆ ಸೇರಿಸುವ ಮೊದಲೇ ನಷ್ಟವಿದೆ. ಅದು ನಿಜವಾದ ನಷ್ಟ, ಹಾಳೆ ಅದನ್ನು ತೋರಿಸಲೇಬೇಕು.

ಹಾಳೆಯಲ್ಲಿ B2ರಿಂದ B6ರವರೆಗೆ ಮೊದಲ ಐದು ವರ್ಷದ ಖರ್ಚು, C7ರಿಂದ C36ರವರೆಗೆ ಕ್ವಿಂಟಲ್ ಇಟ್ಟಿದ್ದೇನೆ. ಉಳಿದದ್ದು ಒಂದೇ ಸಾಲು, ಅದರಲ್ಲಿ ವಟ್ಟ ಕಳೆದು ಕೂಡುವ ಕೆಲಸ NPVಯದು:

```
=NPV(5%,B2:B6)*1.05^5/NPV(5%,C7:C36)
```

ಒಂದು ಎಚ್ಚರಿಕೆ. ತೋಟದ ಸಾಲಕ್ಕೆ ಕಟ್ಟುವ ಬಡ್ಡಿಯನ್ನು ವರ್ಷದ ಖರ್ಚಿನಲ್ಲಿ ಬರೆಯಬೇಡಿ, ಈ ಸೂತ್ರ ಬಡ್ಡಿಯನ್ನು ಆಗಲೇ ಹೊತ್ತಿದೆ. ನನ್ನ ಹಾಳೆಯಲ್ಲಿ ಅದು ಎರಡು ಸಲ ಕೂತಿತ್ತು. ಒಂದು ಭಾನುವಾರ ಪೂರ್ತಿ ಅದನ್ನು ಹುಡುಕುವುದರಲ್ಲೇ ಕಳೆಯಿತು.

ಸೂತ್ರ ಕೈಗೆ ಬಂದ ಮೇಲೆ ಮೊದಲು ಪರೀಕ್ಷಿಸಿದ್ದು ಸಸಿಯ ಮೇಲಿನ ನನ್ನ ಸಿಟ್ಟು ಸರಿಯೇ ಎಂಬುದನ್ನು. ನರ್ಸರಿಯವರು ಮಂಗಳಾ ತಳಿ ಎಂದು ಕೊಟ್ಟ ಸಸಿಗಳಲ್ಲಿ ಒಂದಷ್ಟು ಬುಡ ಸಣ್ಣವು, ನಾಲ್ಕೇ ಎಲೆಯವು. ನೆಟ್ಟ ಮೇಲೂ ಸಾಲಿನಲ್ಲಿ ಒಂದು ಎತ್ತರ, ಒಂದು ಕುಳ್ಳು. ಕೇಳಿದರೆ "ಗೊಬ್ಬರ ಕೊಡಿ, ಸರಿಹೋಗುತ್ತದೆ" ಎಂಬ ಒಂದೇ ಮಾತು. ಇಡೀ ತೋಟ ಒಂದು ವರ್ಷ ತಡವಾಗಿ ಫಸಲಿಗೆ ಬಂದರೆ ಏನಾಗುತ್ತದೆ? ಮತ್ತೊಂದು ವರ್ಷದ 60,000 ಆರೈಕೆ ಸೇರಿ, ಫಸಲೆಲ್ಲ ಒಂದು ವರ್ಷ ಮುಂದಕ್ಕೆ ಹೋಗಿ, ಹೊರೆ 4,160ರಿಂದ 4,940ಕ್ಕೆ ಏರುತ್ತದೆ. ಅದರ ಬದಲು ಸಸಿಗೆ ಹತ್ತು ರೂಪಾಯಿ ಹೆಚ್ಚು ಕೊಟ್ಟು ಆರಿಸಿ ತಂದಿದ್ದರೆ ಏರುತ್ತಿದ್ದದ್ದು ಕ್ವಿಂಟಲ್‌ಗೆ ಕೇವಲ 62 ರೂಪಾಯಿ. ಅರವತ್ತೆರಡು ಎಲ್ಲಿ, ಏಳುನೂರ ಎಂಬತ್ತು ಎಲ್ಲಿ! ಮುಂದಿನ ಸಲ ಸಸಿ ತರುವಾಗ ಚೌಕಾಸಿ ಮಾಡುವುದಿಲ್ಲ, ಒಂದೊಂದರ ಬುಡ ಮುಟ್ಟಿ ಎಲೆ ಎಣಿಸಿಯೇ ಗಾಡಿಗೆ ಹಾಕಿಸುತ್ತೇನೆ.

ಈಗ ತಲೆಯಲ್ಲಿ ಕೂತಿರುವುದು ಭಾವನ ರೊಬಸ್ಟಾ. ಅಲ್ಲಿ ಕಾಫಿ ಮೂರು ನಾಲ್ಕನೇ ವರ್ಷಕ್ಕೇ ಫಸಲು ಕೊಡಲು ಶುರುಮಾಡುತ್ತದೆ, ಸಿಲ್ವರ್ ಮರಕ್ಕೆ ಹಬ್ಬಿಸಿದ ಮೆಣಸೂ ಹಿಂದೆಯೇ ಬರುತ್ತದೆ. ನೆರಳಿನ ಮರ, ನೀರಿನ ಪೈಪು, ಬೇಲಿ ಎರಡಕ್ಕೂ ಸಾಮಾನ್ಯ. ಕಾಫಿಯ ಕ್ವಿಂಟಲ್‌ಗೂ ಮೆಣಸಿನ ಕ್ವಿಂಟಲ್‌ಗೂ ಒಂದೇ ಹೊರೆ ಹೊರಿಸಿದರೆ ನ್ಯಾಯವಲ್ಲ, ಬೆಲೆ ಅಷ್ಟು ಬೇರೆ. ಹಾಗಾಗಿ ಕ್ವಿಂಟಲ್ ಜಾಗದಲ್ಲಿ ವಟ್ಟ ಕಳೆದ ಆದಾಯವನ್ನೇ ಇಟ್ಟು ರೂಪಾಯಿಗೆ ಇಷ್ಟು ಪೈಸೆ ಎಂದು ಹಂಚುವುದೆಂದು ಯೋಚಿಸಿದ್ದೇನೆ. ಗಿಡ ನೆಟ್ಟ ವರ್ಷದಿಂದ ಇಂದಿನವರೆಗಿನ ಖರ್ಚಿನ ಪುಸ್ತಕ ತರುವುದಾಗಿ ಭಾವ ಹೇಳಿದ್ದಾರೆ. ಬಂದ ದಿನವೇ ಎರಡನೇ ಹಾಳೆ ಶುರು.