161.8 ಒಂದೇ, ಟಾರ್ಗೆಟ್ ಮಾತ್ರ ಎರಡು ಯಾಕೆ?

“ಸರ, ಫಿಬೊನಾಚಿ 161.8 ಹಾಕಿದ್ರ ನನ್ನ ಚಾರ್ಟಿನ್ಯಾಗ ಒಂದು ಟಾರ್ಗೆಟ್ ಬರತೈತಿ, ನಿಮ್ಮದರಾಗ ಇನ್ನೊಂದು. ಶೇರು ಒಂದ, ನಂಬರೂ ಒಂದ. ಯಾವುದು ಖರೇ?”

ಎರಡೂ ಖರೇ. ಫಿಬೊನಾಚಿ ಗೆರೆ ಅಂದರೆ ಹಿಂದಿನ ಏರಿಕೆಯ ಉದ್ದವನ್ನು 61.8, 161.8 ಪರ್ಸೆಂಟಿನಂಥ ಅನುಪಾತದಿಂದ ಗುಣಿಸಿ ಮುಂದಿನ ಬೆಲೆಯನ್ನು ಅಂದಾಜು ಮಾಡುವುದು. ನೀವು ಅಳೆದದ್ದು ಒಂದು, ನಾನು ಅಳೆದದ್ದು ಇನ್ನೊಂದು, ಅಷ್ಟೇ.

ಮೊನ್ನೆ ಭಾನುವಾರ ಗದಗಿನಿಂದ ಬಂದ ಹುಡುಗ ವಿದ್ಯಾನಗರದ ನನ್ನ ಕೋಣೆಯಲ್ಲಿ ಕೂತು ಇದನ್ನೇ ಕೇಳಿದ. ಅವನ ಶೇರಿನ ಹೆಸರು ಬೇಡ, ಪೈಸೆಗಳೂ ಬೇಡ. 200ರಿಂದ 300ಕ್ಕೆ ಏರಿತ್ತು. ಅಲ್ಲಿಂದ 238ಕ್ಕೆ ಇಳಿದು ಮತ್ತೆ ಮೇಲೆ ಹೊರಟಿತ್ತು. ಏರಿಕೆ ಶುರುವಾದ 200 ನಮಗೆ ಎ. ತುದಿ ಮುಟ್ಟಿದ 300 ಬಿ. ಇಳಿದು ನಿಂತ 238 ಸಿ.

ಅವನು ಚಾರ್ಟಿನಲ್ಲಿ ತೆಗೆದಿದ್ದು `Fib Retracement` ಅನ್ನುವ ಟೂಲು. ಅದಕ್ಕೆ ಎರಡೇ ಬಿಂದು ಸಾಕು. ಮೇಲಿನಿಂದ ಕೆಳಕ್ಕೆ ಎಳೆದಿದ್ದ, ಹಾಗಾಗಿ 1.618ರ ಗೆರೆ ಬಿಗಿಂತ ಮೇಲೆ ಬಂದಿತ್ತು. ಆ ಗೆರೆ ಲೆಕ್ಕ ಹಾಕುವುದು ಎ ಇಂದ. ಏರಿಕೆ 100, ಅದರ 1.618 ಪಟ್ಟು 161.8. 200ಕ್ಕೆ 161.8 ಸೇರಿಸಿದರೆ ಸುಮಾರು 362. ಶೇರು 238ಕ್ಕೆ ಇಳಿದರೂ 280ಕ್ಕೆ ಇಳಿದರೂ ಅದಕ್ಕೆ ಗೊತ್ತೇ ಇಲ್ಲ, ಟಾರ್ಗೆಟ್ ಅದೇ 362. ನಾನು ತೆಗೆದಿದ್ದು `Trend-Based Fib Extension`. ಅದು ಮೂರು ಬಿಂದು ಕೇಳುತ್ತದೆ, ಎಣಿಸುವುದು ಸಿ ಇಂದ:

```
ಟಾರ್ಗೆಟ್ = ಸಿ + (ಬಿ − ಎ) × ಅನುಪಾತ
238 + (300 − 200) × 1.618 = 399.8
```

ಮೊದಲ ಓಟ ಎಷ್ಟು ಉದ್ದ ಇತ್ತು ಅಂತ ಅಳೆದುಕೊಂಡು, ಆ ಅಳತೆಯನ್ನು ಇಳಿತ ಮುಗಿದ ಜಾಗದಲ್ಲಿ ಇಟ್ಟು ನೋಡುವುದು, ಅಷ್ಟೇ ಇದರ ಕೆಲಸ. ಅನುಪಾತ 1 ಆದರೆ ಎರಡನೇ ಓಟ ಮೊದಲನೆಯದಷ್ಟೇ ಉದ್ದ. 0.618 ಆದರೆ ಅದಕ್ಕಿಂತ ಗಿಡ್ಡ. ಒಂದು ತಮಾಷೆ ಹೇಳಲಾ? ಜನ ಜಾಸ್ತಿ ನೆಚ್ಚುವ 100 ಪರ್ಸೆಂಟಿನ ಗೆರೆ ಫಿಬೊನಾಚಿಯ ಅನುಪಾತವೇ ಅಲ್ಲ. ಅದು ಬರೀ “ಮೊದಲಿನಷ್ಟೇ”.

ಈಗ ಇತ್ತೀಚಿನ ವರ್ಷಗಳಲ್ಲಿ ಎಲ್ಲರೂ ನೋಡಿರುವ ಒಂದು ಚಾರ್ಟು ತೆಗೆಯೋಣ. ನಿಫ್ಟಿ 2020ರ ಮಾರ್ಚ್ 24ರಂದು 7,511ಕ್ಕೆ ಬಿತ್ತು. ಅದು ಎ. 2021ರ ಅಕ್ಟೋಬರ್ 19ರಂದು 18,604 ಮುಟ್ಟಿತು. ಅದು ಬಿ. ಆಮೇಲೆ ಇಳಿಯುತ್ತಾ 2022ರ ಜೂನ್ 17ರಂದು 15,183ಕ್ಕೆ ಬಂತು. ಅದು ಸಿ. ಓಟದ ಉದ್ದ 11,093. ಅದನ್ನು ಸಿ ಮೇಲೆ ಕೂಡಿದರೆ 100 ಪರ್ಸೆಂಟಿನ ಟಾರ್ಗೆಟ್ 26,276. ದಶಾಂಶ ಬಿಡದೆ ಕೂಡಿದರೆ 26,276.75.

2024ರ ಸೆಪ್ಟೆಂಬರ್ 27ರಂದು ನಿಫ್ಟಿ ಮುಟ್ಟಿದ ತುದಿ 26,277.35. ವ್ಯತ್ಯಾಸ ಅರವತ್ತು ಪೈಸೆಯಷ್ಟು. ಅಲ್ಲಿಂದ ತಿರುಗಿ 2025ರ ಏಪ್ರಿಲ್ 7ರ ಹೊತ್ತಿಗೆ 21,744ಕ್ಕೆ ಕುಸಿಯಿತು.

ಇದನ್ನು ತೋರಿಸಿದಾಗ ಹುಡುಗ ಕುರ್ಚಿಯಿಂದ ಎದ್ದೇ ಬಿಟ್ಟ. ನಾನು ಕೂರಿಸಿದೆ. ಯಾಕೆಂದರೆ ಈ ಚಾರ್ಟನ್ನು ಹೀಗೆ ತೋರಿಸುವುದರಲ್ಲಿ ಒಂದು ಮೋಸ ಇದೆ. ಸಿ ಎಲ್ಲಿ ಅಂತ ನಮಗೆ ಈಗ ಗೊತ್ತು. ಆಗ ಯಾರಿಗೂ ಗೊತ್ತಿರಲಿಲ್ಲ.

ನನ್ನದೇ ಹೇಳುತ್ತೇನೆ. 2021ರ ಡಿಸೆಂಬರ್ 20ರಂದು ನಿಫ್ಟಿ 16,410ಕ್ಕೆ ಇಳಿದು ತಿರುಗಿತು. “ಆಯ್ತು, ಇದೇ ಸಿ” ಅಂತ ಗೆರೆ ಎಳೆದೆ. 100 ಪರ್ಸೆಂಟಿಗೆ 27,503 ಬಂತು. ಜನವರಿಯಲ್ಲಿ 18,350ರವರೆಗೆ ಹೋಯಿತು, ನನ್ನ ಹುಮ್ಮಸ್ಸೂ ಅದರ ಜೊತೆ ಹೋಯಿತು. ಆದರೆ ಬಿ ದಾಟಲಿಲ್ಲ. ಫೆಬ್ರವರಿ 24ರಂದು, ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದ ದಿನ, 16,410 ಮುರಿಯಿತು. ಗೆರೆ ಅಳಿಸಿದೆ. ಮಾರ್ಚ್ 8ರಂದು 15,671ರಲ್ಲಿ ಹೊಸ ಸಿ ಇಟ್ಟೆ, ಟಾರ್ಗೆಟ್ 26,764 ಆಯಿತು. ಏಪ್ರಿಲ್‌ನಲ್ಲಿ 18,100 ದಾಟಿದ್ದು ನೋಡಿ ಮತ್ತೆ ನಂಬಿದೆ. ಜೂನ್‌ನಲ್ಲಿ ಅದೂ ಮುರಿಯಿತು. ಖರೇ ಸಿ ನನ್ನ ಪಾಲಿಗೆ ಮೂರನೆಯದು.

ಹಾಗಾದರೆ ಸಿ ಮುಗಿಯಿತು ಅಂತ ಯಾವಾಗ ತಿಳಿಯಬೇಕು? ನಾನು ಬಿ ದಾಟುವವರೆಗೆ ಅದನ್ನು ಪೆನ್ಸಿಲಿನ ಗುರುತು ಅಂದುಕೊಳ್ಳುತ್ತೇನೆ. ನಿಫ್ಟಿ 18,604 ದಾಟಿದ್ದು 2022ರ ನವೆಂಬರ್ ಕೊನೆಯಲ್ಲಿ, ಅಂದರೆ ಸಿ ಆಗಿ ಐದು ತಿಂಗಳ ಮೇಲೆ. ದಾಟಿದ ಮೇಲೂ ಹಾದಿ ಸಲೀಸಾಗಿರಲಿಲ್ಲ. 2023ರ ಮಾರ್ಚ್‌ನಲ್ಲಿ 16,828ಕ್ಕೆ ಇಳಿಯಿತು. ಟಾರ್ಗೆಟ್ ಬರಲು ದಾಟಿದ ದಿನದಿಂದ ಇಪ್ಪತ್ತೆರಡು ತಿಂಗಳು ಬೇಕಾಯಿತು. ಗೆರೆ ಬೆಲೆ ಹೇಳುತ್ತದೆ, ತಾರೀಖು ಹೇಳುವುದಿಲ್ಲ.

ನಡುವಿನ 61.8ರ ಗೆರೆ 22,039ರಲ್ಲಿ ಇತ್ತು. 2024ರ ಜನವರಿ 16ರಂದು ನಿಫ್ಟಿ ಅದನ್ನು ಸ್ವಲ್ಪ ದಾಟಿ 22,124 ಮುಟ್ಟಿತು. ಎಂಟೇ ದಿನದಲ್ಲಿ 21,137ಕ್ಕೆ ಬಂತು. ನೋಡಿದವರಿಗೆ “ಗೆರೆ ಕೆಲಸ ಮಾಡಿತು” ಅನ್ನಿಸಿತು. ಆದರೆ ಅದೇ ಗೆರೆಯನ್ನು ತುದಿ ಅಂತ ನಂಬಿ, ಇನ್ನು ಬೀಳುತ್ತದೆ ಅಂತ ಕೈಯಲ್ಲಿ ಇಲ್ಲದ್ದನ್ನು ಮೊದಲೇ ಉಲ್ಟಾ ಮಾರಿದವರು ಮುಂದಿನ ತಿಂಗಳುಗಳಲ್ಲಿ ಏನು ಅನುಭವಿಸಿದರು ಅಂತ ನೀವೇ ಊಹಿಸಿ. 26,277 ಕೂಡ ಕೊನೆಯ ತುದಿ ಆಗಲಿಲ್ಲ, 2025ರ ನವೆಂಬರಿನಲ್ಲಿ ಅದನ್ನೂ ದಾಟಿತು. ಈ ಗೆರೆಗಳಲ್ಲಿ ನಾನು ಕೈಯಲ್ಲಿರುವುದನ್ನು ಸ್ವಲ್ಪ ಮಾರುತ್ತೇನೆ. ಹೊಸದಾಗಿ ಉಲ್ಟಾ ಮಾರುವುದಿಲ್ಲ.

ಇನ್ನು ಸೆಟ್ಟಿಂಗಿನ ಮಾತು. ನಿಮ್ಮ ಚಾರ್ಟಿಗೂ ಗೆಳೆಯನ ಚಾರ್ಟಿಗೂ ವ್ಯತ್ಯಾಸ ಬರಲು ಇದು ಎರಡನೇ ದೊಡ್ಡ ಕಾರಣ. ನಾವು ಮಾಡಿದ ಲೆಕ್ಕ ಅಂಕಗಳಲ್ಲಿ. ಚಾರ್ಟು ಲಾಗ್ ಸ್ಕೇಲಿನಲ್ಲಿದ್ದು, ಟೂಲಿನ ಸೆಟ್ಟಿಂಗಿನಲ್ಲಿ `Fib levels based on log scale` ಅನ್ನುವುದಕ್ಕೆ ಟಿಕ್ ಬಿದ್ದಿದ್ದರೆ ಲೆಕ್ಕ ಪಟ್ಟುಗಳಲ್ಲಿ ನಡೆಯುತ್ತದೆ. 7,511 ಸುಮಾರು 2.48 ಪಟ್ಟು ಆಗಿ 18,604 ಆಯಿತು, ಹಾಗಾದರೆ 15,183 ಕೂಡ ಅಷ್ಟೇ ಪಟ್ಟು ಆಗಲಿ, ಅಂತ. ಉತ್ತರ 37,600ರ ಆಸುಪಾಸು. ಒಂದು ಟಿಕ್ಕಿಗೆ ಹನ್ನೊಂದು ಸಾವಿರ ಅಂಕಗಳ ಅಂತರ! ಸಣ್ಣ ಓಟದಲ್ಲಿ ಇದು ಕಾಣುವುದಿಲ್ಲ. ಬೆಲೆ ದುಪ್ಪಟ್ಟಾದ ಓಟದಲ್ಲಿ ಮೊದಲು ನೋಡಬೇಕಾದ್ದೇ ಇದು.

ಕ್ಯಾಂಡಲ್ ಬಾಲದ ತುದಿಯಿಂದ, ಅಂದರೆ ದಿನದ ಅತಿ ಮೇಲಿನ ಇಲ್ಲವೇ ಅತಿ ಕೆಳಗಿನ ಬೆಲೆಯಿಂದ ಅಳೆಯಬೇಕಾ, ಮುಕ್ತಾಯದ ಬೆಲೆಯಿಂದಲಾ ಅಂತಲೂ ಕೇಳುತ್ತಾರೆ. ನಿಫ್ಟಿಯಲ್ಲಿ ಮುಕ್ತಾಯದ ಬೆಲೆ ಹಿಡಿದರೆ 26,160 ಬರುತ್ತದೆ. 2024ರ ಆ ಏರಿಕೆಯ ಅತಿ ಮೇಲಿನ ಮುಕ್ತಾಯ 26,216. ಯಾವುದಾದರೂ ಸರಿ, ಮೂರು ಬಿಂದುವಿಗೂ ಒಂದೇ ರೀತಿ ಹಿಡಿಯಿರಿ. ಎ ಬಾಲದಿಂದ, ಸಿ ಮುಕ್ತಾಯದಿಂದ ಅಂತ ಬೆರೆಸಿದರೆ ನಿಮಗೆ ಬೇಕಾದ ಟಾರ್ಗೆಟ್ ತರಿಸಿಕೊಳ್ಳಬಹುದು. ನಾನೂ ತರಿಸಿಕೊಂಡಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಗದಗಿನ ಹುಡುಗನ ಶೇರಿಗೆ ವಾಪಸ್ ಬರೋಣ. ಅವನ ನಿಜವಾದ ತೊಂದರೆ 362ಕ್ಕೂ 400ಕ್ಕೂ ಸಂಬಂಧಪಟ್ಟದ್ದಲ್ಲ. 100 ರೂಪಾಯಿ ಏರಿದ ಶೇರು 62 ರೂಪಾಯಿ ವಾಪಸ್ ಕೊಟ್ಟಿತ್ತು. ಅಷ್ಟು ಆಳದ ಇಳಿತ ಆದಾಗ ಸಿ ಇಂದ 61.8ರ ಗೆರೆ ಎಲ್ಲಿ ಬರುತ್ತದೆ ಗೊತ್ತಾ? 238ಕ್ಕೆ 61.8 ಸೇರಿಸಿ. 299.8. ಅಂದರೆ ಬಿ ಹತ್ತಿರವೇ. ಮೊದಲ ಟಾರ್ಗೆಟ್ ಅಂದರೆ ಹಳೆ ತುದಿಯೇ, ಹೊಸದೇನೂ ಅಲ್ಲ. 100 ಪರ್ಸೆಂಟಿನದು 338.

ಅವನು ಶಿಸ್ತಿನ ಹುಡುಗ, ಬಿ ದಾಟುವವರೆಗೆ ಕಾದು 300ಕ್ಕೆ ಕೊಂಡಿದ್ದ. ಸಿ ಮುರಿದರೆ ಹೊರಬರಬೇಕು, ಅಂದರೆ ನಷ್ಟದ ಅಳತೆ 62. ಮೊದಲಿನಷ್ಟೇ ಓಟ ಬಂದರೆ ಲಾಭ 38. 38ರ ಆಸೆಗೆ 62 ಪಣ! ಇಳಿತ ಸರಿಯಾಗಿ ಅರ್ಧ ಆಗಿದ್ದರೆ, ಬಿ ದಾಟಿದಾಗ ಕೊಂಡವನಿಗೆ ಎರಡೂ ಸಮ. ಅರ್ಧಕ್ಕಿಂತ ಕಡಿಮೆ ಇಳಿದಿದ್ದರೆ ಮಾತ್ರ ಲಾಭದ ತಕ್ಕಡಿ ತೂಗುತ್ತದೆ. ನಿಫ್ಟಿ ತನ್ನ ಓಟದಲ್ಲಿ ಸುಮಾರು 31 ಪರ್ಸೆಂಟ್ ಮಾತ್ರ ವಾಪಸ್ ಕೊಟ್ಟಿತ್ತು. ಅಲ್ಲಿ 18,604ಕ್ಕೆ ಕೊಂಡವನಿಗೆ ಪಣ 3,421, ಸಿಗುವುದು 7,672, ಎರಡು ಪಟ್ಟಿಗೂ ಜಾಸ್ತಿ. ಆಳವಾಗಿ ಇಳಿದ ಶೇರನ್ನು ಕೊಳ್ಳಲೇಬೇಕು ಅಂದರೆ ಬಿ ದಾಟುವವರೆಗೆ ಕಾಯದೆ ಸಿ ಹತ್ತಿರವೇ ಕೊಳ್ಳಬೇಕು. ಆದರೆ ಆಗ ಸಿ ಇನ್ನೂ ಪೆನ್ಸಿಲಿನ ಗುರುತು. ಎರಡೂ ಕಡೆ ಸುಖ ಇಲ್ಲ.

“ಹಂಗಾರ 161.8ಕ್ಕ ಕಾದ್ರ ಲಾಭ ನೂರ ಆಕ್ಕೈತಲ್ಲ ಸರ, ಪಣ 62ನ ಇರತೈತಿ” ಅಂದ. ಲೆಕ್ಕ ಸರಿ. ಆದರೆ ದೂರದ ಗೆರೆಗೆ ಹೋಗುವ ಶೇರುಗಳು ಹತ್ತಿರದ ಗೆರೆಗೆ ಹೋಗುವವುಗಳಿಗಿಂತ ಕಡಿಮೆ. 338 ಮುಟ್ಟದೆ 400 ಮುಟ್ಟಲು ಆಗುವುದಿಲ್ಲವಲ್ಲ. ನಿಫ್ಟಿಯ ಅದೇ ಮೂರು ಬಿಂದುಗಳ 161.8 ಗೆರೆ 33,132ರಲ್ಲಿದೆ. 26,277ರಲ್ಲಿ ಏನೂ ಮಾರದೆ ಅದಕ್ಕಾಗಿ ಕಾದವನು ಮೊದಲು 21,744 ನೋಡಬೇಕಾಯಿತು.

ಅವನ ಶೇರು 331ರವರೆಗೆ ಹೋಗಿತ್ತು. 338ಕ್ಕೆ ಏಳು ರೂಪಾಯಿ ಬಾಕಿ. ಅವನ ಕಣ್ಣು 362ರ ಮೇಲಿತ್ತು, ಒಂದೂ ಮಾರಿರಲಿಲ್ಲ. ನನ್ನ ಹತ್ತಿರ ಬಂದ ದಿನ ಶೇರು 251ರಲ್ಲಿತ್ತು. 238 ಮುರಿದರೆ ಏನು ಮಾಡುವುದು ಅಂತ ಕೇಳಿದ. ಮುರಿದರೆ ಈ ಮೂರು ಬಿಂದುಗಳ ಲೆಕ್ಕ ಮುಗಿಯಿತು, ಗೆರೆ ಪೂರ್ತಿ ಅಳಿಸು ಅಂದೆ. 300 ಈಗ ತುದಿಯಲ್ಲ, ಬಿ ಜಾಗಕ್ಕೆ 331 ಬಂದಿದೆ. ಹೊಸ ಸಿ ಎಲ್ಲಿ ನಿಲ್ಲುತ್ತದೋ ನೋಡಿ ಮತ್ತೆ ಅಳೆಯಬೇಕು. 200 ಕೂಡ ಮುರಿದರೆ ಅಳೆಯಲು ಏರಿಕೆಯೇ ಉಳಿಯಲಿಲ್ಲ. ಗುರುವಾರ ಫೋನ್ ಮಾಡಿದ. 236ಕ್ಕೆ ಹೊರಬಂದನಂತೆ.